ಹೊತ್ತು ಹೋದದ್ದು ಯಾರಿಗೆ ಗೊತ್ತು?

ಕನ್ನಡದಲ್ಲಿ ‘ಹೊತ್ತು ಹೋದದ್ದೇ ಗೊತ್ತಾಗಲಿಲ್ಲ’ ಎಂಬ ಮಾತನ್ನು ಎರಡು ಸಂದರ್ಭಗಳಲ್ಲಿ ಆಡುತ್ತೇವೆ. ನಮ್ಮ ಕಡೆ ಬಯಲಾಟ ನೋಡಿ ಬೆಳಗಿನ ಜಾವ ಮನೆಗೆ ಮರಳುವವರು ಆಡುವುದು ಒಂದು. ರಾತ್ರಿ ಹತ್ತಕ್ಕೆ ಹಾಸಿಗೆಯಲ್ಲಿ ಫೋನು ಹಿಡಿದು, ಒಂದು ಗಂಟೆಗೆ ತಲೆಯೆತ್ತಿದವರು ಆಡುವುದು ಇನ್ನೊಂದು. ಮೊದಲಿನದು ಮೆಚ್ಚುಗೆ, ಎರಡನೆಯದು ಹಳಹಳಿ. ಪದಗಳು ಅವೇ, ಧ್ವನಿ ಮಾತ್ರ ಬೇರೆ. ಗಂಟೆಯ ಲೆಕ್ಕದಲ್ಲಿ ಎರಡೂ ಒಂದೇ ಆಗಿದ್ದರೂ ಹೇಳುವವರ ದನಿಯಿಂದಲೇ ನಮಗೆ ವ್ಯತ್ಯಾಸ ತಿಳಿಯುತ್ತದೆ.

ಈಗ ನಮ್ಮ ಫೋನುಗಳೊಳಗೆ ಹೊತ್ತು ಹೋದದ್ದನ್ನು ತಪ್ಪದೆ ಬರೆದಿಡುವ ಒಬ್ಬ ಕರಣಿಕ ಕೂತಿದ್ದಾನೆ. ನಿನ್ನೆ ಇಷ್ಟು ಗಂಟೆ, ಈ ಆ್ಯಪಿನಲ್ಲಿ ಇಷ್ಟು ನಿಮಿಷ, ಇಷ್ಟು ಸಲ ಫೋನು ತೆರೆದಿರಿ ಎಂದು ಬಣ್ಣದ ಪಟ್ಟಿ ತೋರಿಸುತ್ತಾನೆ. ಮಿತಿ ಹಾಕಿಕೊಂಡಿದ್ದರೆ ‘ಇವತ್ತಿನದು ಮುಗಿಯಿತು’ ಎಂದು ನೆನಪಿಸುತ್ತಾನೆ. ಆತ ಅಳೆಯುತ್ತಿರುವುದು ಏನನ್ನು ಎಂಬುದು ನನ್ನ ಪ್ರಶ್ನೆ. ಇದು ತಂತ್ರಜ್ಞಾನದ ಪ್ರಶ್ನೆಯಂತೆ ಕಂಡರೂ ಹಾಗಲ್ಲ. ಆ ಅಂಕಿ ನೋಡಿ ನಾವು ನಮ್ಮನ್ನು ಬೈದುಕೊಳ್ಳುತ್ತೇವೆ, ಮಕ್ಕಳನ್ನು ಗದರುತ್ತೇವೆ, ನಾಳೆಯಿಂದ ಸುಧಾರಿಸುತ್ತೇನೆ ಎಂದು ಮಾತು ಕೊಟ್ಟುಕೊಳ್ಳುತ್ತೇವೆ. ಒಂದು ಅಂಕಿಯ ಮೇಲೆ ನೈತಿಕ ತೀರ್ಪು ನಿಲ್ಲಿಸುವ ಮೊದಲು ಆ ಅಂಕಿ ಹೇಗೆ ಹುಟ್ಟಿತು ಎಂದು ಕೇಳಬೇಕಾಗುತ್ತದೆ. ಶಾಸನ ಓದುವವರು ಪಾಠಕ್ಕಿಂತ ಮೊದಲು ಕಲ್ಲನ್ನು ನೋಡುವ ಹಾಗೆ.

ಆಂಡ್ರಾಯ್ಡ್ ಫೋನಿನಲ್ಲಿ ಈ ಲೆಕ್ಕದ ಮೂಲ ಬಹಳ ಸರಳ. ಯಾವುದೇ ಆ್ಯಪಿನ ಪರದೆ ಮುಂದೆ ಬಂದಾಗ ವ್ಯವಸ್ಥೆ ಒಂದು ಸಾಲು ಬರೆಯುತ್ತದೆ, ಅದು ಹಿಂದೆ ಸರಿದಾಗ ಇನ್ನೊಂದು ಸಾಲು. ವಿವರಗಳನ್ನು ಬಿಟ್ಟು ತೋರಿಸಿದರೆ ಹೀಗಿರುತ್ತದೆ:

```
22:05:10  ACTIVITY_RESUMED  com.google.android.youtube
22:17:40  ACTIVITY_PAUSED   com.google.android.youtube
```

ಎರಡರ ನಡುವಿನ ಅಂತರ ಹನ್ನೆರಡೂವರೆ ನಿಮಿಷ. ದಿನವಿಡೀ ಇಂಥ ಅಂತರಗಳನ್ನು ಕೂಡಿಸಿದರೆ ಡ್ಯಾಶ್‌ಬೋರ್ಡಿನ ಪಟ್ಟಿ ಸಿದ್ಧ. ಅಂದರೆ ಅಳತೆಗೆ ಸಿಗುವುದು ‘ಈ ಆ್ಯಪಿನ ಪರದೆ ಎಷ್ಟು ಹೊತ್ತು ಮುಂದಿತ್ತು’ ಎಂಬುದೊಂದೇ. ಪರದೆಯ ಮುಂದೆ ಕಣ್ಣು ಇತ್ತೇ, ಇದ್ದರೆ ಅದು ಯಾರ ಕಣ್ಣು ಎಂಬುದು ಆ ಸಾಲಿನಲ್ಲಿಲ್ಲ. ಪಿಡಿಎಫ್ ತೆರೆದಿಟ್ಟು ಟಿಪ್ಪಣಿ ಪುಸ್ತಕದಲ್ಲಿ ಬರೆಯುತ್ತಿದ್ದರೆ, ಪರದೆ ಆರುವವರೆಗಿನ ಹೊತ್ತೆಲ್ಲ ಫೋನಿನ ಲೆಕ್ಕಕ್ಕೆ. ಪರದೆ ಆರಿಸಿ ಹಾಡು ಕೇಳುತ್ತಾ ಎರಡು ಗಂಟೆ ನಡೆದರೆ ಅದು ಲೆಕ್ಕಕ್ಕೇ ಇಲ್ಲ. ವಾಟ್ಸ್ಆ್ಯಪಿನಲ್ಲಿ ತಾಯಿ ಕಳಿಸಿದ ಔಷಧಿ ಚೀಟಿಯ ಚಿತ್ರ ನೋಡಿದ ನಿಮಿಷಕ್ಕೂ ಯಾರೋ ಕಳಿಸಿದ ಗಾಳಿಸುದ್ದಿ ಓದಿದ ನಿಮಿಷಕ್ಕೂ ಒಂದೇ ಹೆಸರು, ‘ವಾಟ್ಸ್ಆ್ಯಪ್’.

ಎಲ್ಲ ಕರಣಿಕರೂ ಒಂದೇ ಅಳತೆಗೋಲು ಹಿಡಿದಿಲ್ಲ. ನಾನು ಒಂದು ಸಂಜೆ ಫೋನಿನಲ್ಲಿ ಯೂಟ್ಯೂಬನ್ನು 40 ನಿಮಿಷ ತೆರೆದಿದ್ದೆ ಎಂದುಕೊಳ್ಳಿ. ಅದರಲ್ಲಿ ವೀಡಿಯೊ ಓಡಿದ್ದು 25 ನಿಮಿಷ, ಉಳಿದ 15 ಹುಡುಕುವುದರಲ್ಲಿ, ಕಮೆಂಟು ಓದುವುದರಲ್ಲಿ ಕಳೆಯಿತು. ಆಮೇಲೆ ಅದೇ ಖಾತೆಯಲ್ಲಿ ಟೀವಿಯಲ್ಲಿ 30 ನಿಮಿಷ ನೋಡಿದೆ. ಫೋನಿನ ಡ್ಯಾಶ್‌ಬೋರ್ಡು 40 ನಿಮಿಷ ಎನ್ನುತ್ತದೆ, ಏಕೆಂದರೆ ಅದು ಎಣಿಸುವುದು ಈ ಸಾಧನದ ಪರದೆಯನ್ನು. ಯೂಟ್ಯೂಬಿನೊಳಗಿನ ಲೆಕ್ಕ 55 ಎನ್ನುತ್ತದೆ, ಏಕೆಂದರೆ ಅದು ಎಣಿಸುವುದು ಖಾತೆಯ ವೀಕ್ಷಣೆಯ ಇತಿಹಾಸವನ್ನು. ಇನ್‌ಕಾಗ್ನಿಟೋದಲ್ಲಿ ನೋಡಿದ್ದರೆ, ಅಥವಾ ಆಮೇಲೆ ಇತಿಹಾಸ ಅಳಿಸಿದ್ದರೆ, ಅದೇ ಲೆಕ್ಕ ಸೊನ್ನೆ. ಟೀವಿಯ ಮುಂದೆ ಕೂತದ್ದು ನನ್ನ ತಂಗಿಯಾಗಿದ್ದರೂ ಆ ಅರ್ಧ ಗಂಟೆ ನನ್ನ ಹೆಸರಿಗೇ. 40, 55, 0 ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಒಂದೊಂದೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಆದರೆ ‘ನನ್ನ ಸಂಜೆ ಎಲ್ಲಿ ಹೋಯಿತು?’ ಎಂಬ ನಮ್ಮ ಪ್ರಶ್ನೆಗೆ ಮೂರೂ ಉತ್ತರವಲ್ಲ.

ಹಂಪಿ ಬಜಾರಿನಲ್ಲಿ ನನಗೆ ಪರಿಚಯವಿರುವ ಟ್ಯಾಕ್ಸಿ ಚಾಲಕರೊಬ್ಬರಿದ್ದಾರೆ. ಹೊಸಪೇಟೆಯಿಂದ ಪ್ರವಾಸಿಗರನ್ನು ಕರೆತಂದು, ಅವರು ವಿರೂಪಾಕ್ಷನ ಗುಡಿ, ವಿಠಲನ ಗುಡಿ ನೋಡಿ ಬರುವವರೆಗೆ ಕಾಯುವುದು ಅವರ ನಿತ್ಯದ ಕೆಲಸ. ಪಿಯುಸಿ ಓದುವ ಮಗಳು ಅವರ ಫೋನಿನಲ್ಲಿ ಇನ್‌ಸ್ಟಾಗ್ರಾಮಿಗೆ ಅರ್ಧ ಗಂಟೆಯ ಮಿತಿ ಹಾಕಿಕೊಟ್ಟಿದ್ದಾಳೆ. ಬಾದಾಮಿ, ಪಟ್ಟದಕಲ್ಲಿಗೆ ಹೋಗಿ ಬಂದ ಒಂದು ದಿನದ ಲೆಕ್ಕವನ್ನು ಅವರು ನನಗೆ ತೋರಿಸಿದರು. ಒಟ್ಟು 7 ಗಂಟೆ 20 ನಿಮಿಷ.

“ನೋಡ್ರಿ ಅಕ್ಕಾ, ಏಳು ತಾಸು ಅಂತ. ಮಗಳು ನೋಡಿ ‘ಅಪ್ಪಾ, ನೀನು ನನಗಿಂತ ಕೆಟ್ಟೋದೆ’ ಅಂದ್ಲು” ಎಂದು ನಕ್ಕರು.

ಆ ಏಳು ತಾಸನ್ನು ಬಿಡಿಸಿ ನೋಡೋಣ. ಮ್ಯಾಪ್ಸ್ 3 ಗಂಟೆ 5 ನಿಮಿಷ. ಅದು ಸ್ಟಿಯರಿಂಗಿನ ಪಕ್ಕದ ಸ್ಟ್ಯಾಂಡಿನಲ್ಲಿ ದಾರಿ ತೋರಿಸುತ್ತಿದ್ದ ಪರದೆ, ಅವರ ಕಣ್ಣು ಇದ್ದದ್ದು ರಸ್ತೆಯ ಮೇಲೆ. ಯೂಟ್ಯೂಬ್ 1 ಗಂಟೆ 40 ನಿಮಿಷ. ಹೆಚ್ಚಿನದು ಬಾದಾಮಿಯ ಗುಹೆಗಳ ಕೆಳಗೆ, ಪ್ರವಾಸಿಗರು ಇಳಿದು ಬರುವವರೆಗೆ ಕಾದ ಹೊತ್ತು. ವಾಟ್ಸ್ಆ್ಯಪ್ ಒಂದು ಗಂಟೆ, ನಾಳೆಯ ಬಾಡಿಗೆ ಗೊತ್ತುಮಾಡಿಕೊಂಡದ್ದೂ ಅದರಲ್ಲೇ. ಹಣ ಪಡೆದದ್ದು, ಮಾತಾಡಿದ್ದು, ಇತರೆ ಸೇರಿ 45 ನಿಮಿಷ. ಇನ್‌ಸ್ಟಾಗ್ರಾಮ್ 50 ನಿಮಿಷ. ಅದರಲ್ಲಿ ಅರ್ಧ ಗಂಟೆ ಪಟ್ಟದಕಲ್ಲಿನ ಮರದ ನೆರಳಲ್ಲಿ, ಕೊನೆಯ 20 ನಿಮಿಷ ರಾತ್ರಿ ಮನೆಯಲ್ಲಿ ಊಟವಾದ ಮೇಲೆ.

ಈಗ ಮಿತಿ ಮಾಡಿದ ಕೆಲಸ ಗಮನಿಸಿ. ದಿನದ ಮೊದಲ ಮೂವತ್ತು ನಿಮಿಷ ಮುಗಿದ ಕೂಡಲೇ, ಮಧ್ಯಾಹ್ನ ಮೂರರ ಸುಮಾರಿಗೆ, ನೆನಪೋಲೆ ಬಂತು. ಆಗ ಅವರು ಗಾಡಿಯ ಪಕ್ಕ ಒಬ್ಬರೇ ಕೂತಿದ್ದರು. ಆ ಹೊತ್ತಿಗೆ ಬೇರೆ ಉಪಯೋಗವೇ ಇರಲಿಲ್ಲ, ಕಾಯುವುದಕ್ಕೇ ಅವರಿಗೆ ದುಡ್ಡು ಸಿಗುತ್ತದೆ. ನೆನಪೋಲೆಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದರು. ರಾತ್ರಿಯ 20 ನಿಮಿಷ ಬರುವ ಹೊತ್ತಿಗೆ ನೆನಪಿಸುವ ಸರದಿ ಮುಗಿದುಹೋಗಿತ್ತು. ಆ ಇಪ್ಪತ್ತು ನಿಮಿಷದಲ್ಲಿ ಮಗಳು ಕಾಲೇಜಿನ ಏನನ್ನೋ ಹೇಳುತ್ತಿದ್ದಳು, ಅವರು ‘ಹ್ಞೂಂ’ ಅನ್ನುತ್ತಿದ್ದರು. “ಅವಳು ಎದ್ದು ಹೋಗಿದ್ದೇ ಗೊತ್ತಾಗ್ಲಿಲ್ರಿ” ಎಂದರು. ಏಳು ತಾಸಿನ ಬಗ್ಗೆ ನಕ್ಕವರು ಇದನ್ನು ಹೇಳುವಾಗ ನಗಲಿಲ್ಲ.

ದಿನದ ಮಿತಿ ಎಣಿಸುವುದು ಮೊತ್ತವನ್ನು. ಮೊದಲು ಬಂದ ನಿಮಿಷ ಮೊದಲು ಖರ್ಚು. ಯಾವ ನಿಮಿಷ ಯಾರಿಗೆ ಸೇರಬೇಕಾಗಿತ್ತು ಎಂಬುದು ಅದಕ್ಕೆ ತಿಳಿಯದು. ಹಾಗಾಗಿ ಯಾರಿಗೂ ಬೇಡದ ಮಧ್ಯಾಹ್ನದ ಅರ್ಧ ಗಂಟೆ ಎಚ್ಚರಿಕೆಯನ್ನು ತಿಂದುಹಾಕಿತು, ಮಗಳಿಗೆ ಸೇರಬೇಕಿದ್ದ ಇಪ್ಪತ್ತು ನಿಮಿಷ ಎಚ್ಚರಿಕೆಯಿಲ್ಲದೆ ಹೋಯಿತು. ನಾವು ಹೊತ್ತನ್ನು ‘ಹಾಳುಮಾಡಿದೆ’ ಎನ್ನುವಾಗ ಹೇಳುತ್ತಿರುವುದು ಅದರ ಉದ್ದವನ್ನಲ್ಲ, ಅದು ತಳ್ಳಿಹಾಕಿದ ಇನ್ನೊಂದನ್ನು. ನಿದ್ದೆ, ಓದು, ಎದುರು ಕೂತವರ ಮಾತು, ಸುಮ್ಮನಿರುವುದು, ಇವು ಫೋನಿನಲ್ಲಿ ನಡೆಯುವುದಿಲ್ಲವಾದ್ದರಿಂದ ಫೋನಿನ ಲೆಕ್ಕದಲ್ಲಿ ಬರುವುದೂ ಇಲ್ಲ.

ದಿನ ಎಲ್ಲಿ ಮುಗಿಯುತ್ತದೆ ಎಂಬುದರಲ್ಲೂ ಒಂದು ಸಿಕ್ಕಿದೆ. ಫೋನಿನ ಮಿತಿ ಮಧ್ಯರಾತ್ರಿ ಹನ್ನೆರಡಕ್ಕೆ ಹೊಸದಾಗುತ್ತದೆ. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಯೊಬ್ಬ ಒಂದು ಗಂಟೆಯ ಮಿತಿ ಹಾಕಿಕೊಂಡಿದ್ದಾನೆ, ದಿನವಿಡೀ ಆ ಆ್ಯಪ್ ಮುಟ್ಟಿಲ್ಲ. ರಾತ್ರಿ 11:15ಕ್ಕೆ ಹಿಡಿದವನು 12:45ಕ್ಕೆ ಬಿಟ್ಟ. ಒಂದೇ ಕೂತಿನಲ್ಲಿ 90 ನಿಮಿಷ. ಆದರೆ ಲೆಕ್ಕದಲ್ಲಿ ಇವತ್ತಿಗೆ 45, ನಾಳೆಗೆ 45. ಮಿತಿ ಎರಡೂ ದಿನ ಉಳಿದೇ ಇದೆ, ಎಚ್ಚರಿಕೆ ಬರಲೇ ಇಲ್ಲ. ಅವನು ಕಳೆದುಕೊಂಡದ್ದು ಒಂದೇ ರಾತ್ರಿಯ ನಿದ್ದೆ, ಲೆಕ್ಕ ಮಾತ್ರ ಎರಡು ಪುಟಗಳಲ್ಲಿ ಹಂಚಿಹೋಯಿತು.

ನಮ್ಮ ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಅದರಲ್ಲಿ ಅರವತ್ತು ಗಳಿಗೆ, ಒಂದೊಂದು ಗಳಿಗೆಗೆ 24 ನಿಮಿಷ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ಬಿಟ್ಟು, ಅದು ತುಂಬಿ ಮುಳುಗಿದರೆ ಒಂದು ಗಳಿಗೆ ಎಂದು ಎಣಿಸುತ್ತಿದ್ದರು. ಆ ಲೆಕ್ಕದಲ್ಲಿ ರಾತ್ರಿ ಪೂರ್ತಿ ಹಿಂದಿನ ಹಗಲಿಗೆ ಸೇರಿದ್ದು. ಬೆಳಗಿನವರೆಗೆ ನೋಡಿದ ಬಯಲಾಟ ಒಂದೇ ದಿನದ್ದು, ನಿದ್ದೆಗೆಟ್ಟ ರಾತ್ರಿಯೂ ಒಂದೇ ದಿನದ್ದು. ಹಳೆಯದು ಒಳ್ಳೆಯದೆಂದು ಇದನ್ನು ಹೇಳುತ್ತಿಲ್ಲ. ಬಟ್ಟಲಿಗೂ ನಮ್ಮ ಸಂತೋಷ, ಸಂಕಟ ಗೊತ್ತಿರಲಿಲ್ಲ. ದಿನವನ್ನು ಎಲ್ಲಿ ಕತ್ತರಿಸುತ್ತೇವೆ ಎಂಬುದು ಒಂದು ಆಯ್ಕೆ, ಆ ಆಯ್ಕೆಯಲ್ಲೇ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದು ನಿರ್ಧಾರವಾಗಿಬಿಡುತ್ತದೆ ಎನ್ನುವುದಕ್ಕಷ್ಟೇ ಇದು ಉದಾಹರಣೆ.

ಹೊಸಪೇಟೆಯವರಿಗೆ ಅಳತೆಯ ಈ ತೊಡಕನ್ನು ವಿವರಿಸಿ ಹೇಳಬೇಕಾಗಿಲ್ಲ. ಮಳೆಗಾಲ ಬಂತೆಂದರೆ ಇಲ್ಲಿ ಎಲ್ಲರ ಬಾಯಲ್ಲೂ ಜಲಾಶಯದ ಮಟ್ಟ. ತುಂಗಭದ್ರಾ ಅಣೆಕಟ್ಟಿನ ಪೂರ್ಣ ಮಟ್ಟ 1633 ಅಡಿ. 1953ರಲ್ಲಿ ನೀರು ನಿಲ್ಲಿಸತೊಡಗಿದಾಗಲೂ ಅಷ್ಟೇ, ಇವತ್ತೂ ಅಷ್ಟೇ. ಆದರೆ ಆಗ ಆ ಮಟ್ಟದ ಕೆಳಗೆ ಹಿಡಿಸುತ್ತಿದ್ದದ್ದು ಸುಮಾರು 133 ಟಿಎಂಸಿ ನೀರು, ಈಗ ಹಿಡಿಸುವುದು ಸುಮಾರು 105 ಟಿಎಂಸಿ. ಉಳಿದ ಜಾಗದಲ್ಲಿ ಹೂಳಿದೆ. ಅಳತೆಪಟ್ಟಿ ಸುಳ್ಳು ಹೇಳುತ್ತಿಲ್ಲ. ನೀರಿನ ಮೇಲ್ಮೈ ಎಲ್ಲಿದೆ ಎಂದು ಅದು ಇವತ್ತಿಗೂ ನಿಖರವಾಗಿ ಹೇಳುತ್ತದೆ. ಆದರೆ ರೈತನಿಗೆ ಬೇಕಾದದ್ದು ಮೇಲ್ಮೈಯಲ್ಲ, ಕಾಲುವೆಗೆ ಬರುವ ನೀರು. ಮಟ್ಟದಿಂದ ನೀರಿನ ಪ್ರಮಾಣಕ್ಕೆ ಹೋಗಬೇಕಾದರೆ ತಳದಲ್ಲಿ ಏನಿದೆ ಎಂದು ಬೇರೆಯಾಗಿ ಸಮೀಕ್ಷೆ ಮಾಡಬೇಕು. ಸ್ಕ್ರೀನ್ ಟೈಮ್ ಕೂಡ ಇಂಥ ಒಂದು ಮಟ್ಟ. 7 ಗಂಟೆ 20 ನಿಮಿಷ ಎಂಬುದು ಮೇಲ್ಮೈ. ಅದರ ಕೆಳಗೆ ಎಷ್ಟು ನೀರು, ಎಷ್ಟು ಹೂಳು ಎಂಬ ಸಮೀಕ್ಷೆಯನ್ನು ಫೋನು ಮಾಡಲಾರದು.

ಹಾಗಾದರೆ ಈ ಮೇಲ್ಮೈಯನ್ನೇ ಅಳೆಯಲು ಆರಿಸಿಕೊಂಡವರು ಯಾರು? ಈ ಡ್ಯಾಶ್‌ಬೋರ್ಡುಗಳೆಲ್ಲ ಹೆಚ್ಚುಕಡಿಮೆ ಒಂದೇ ವರ್ಷ, 2018ರಲ್ಲಿ ಬಂದವು. ಮೇ ತಿಂಗಳಲ್ಲಿ ಗೂಗಲ್ ‘ಡಿಜಿಟಲ್ ವೆಲ್‌ಬೀಯಿಂಗ್’ ಪ್ರಕಟಿಸಿತು, ಜೂನಿನಲ್ಲಿ ಆ್ಯಪಲ್ ‘ಸ್ಕ್ರೀನ್ ಟೈಮ್’ ಪ್ರಕಟಿಸಿತು, ಆಗಸ್ಟಿನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ತಮ್ಮವನ್ನು ಪ್ರಕಟಿಸಿದವು. ಫೋನು ಮಕ್ಕಳ ಮನಸ್ಸಿಗೆ ಮಾಡುತ್ತಿರುವುದರ ಬಗ್ಗೆ ಆ್ಯಪಲ್ಲಿನ ಷೇರುದಾರರೇ ಆ ವರ್ಷದ ಆರಂಭದಲ್ಲಿ ಬಹಿರಂಗ ಪತ್ರ ಬರೆದಿದ್ದರು. ಒತ್ತಡವಿತ್ತು, ಉತ್ತರ ಬೇಕಿತ್ತು. ಉತ್ತರವಾಗಿ ಅವರು ಕೊಟ್ಟದ್ದು ನಿಮಿಷಗಳನ್ನು. ನಿಮಿಷಗಳು ಅವರ ಬಳಿ ಮೊದಲೇ ಇದ್ದವು ಎಂಬುದನ್ನು ಮರೆಯಬಾರದು. ಯೂಟ್ಯೂಬ್ 2012ರಿಂದಲೇ ಕ್ಲಿಕ್ಕುಗಳ ಬದಲು ನೋಡಿದ ಹೊತ್ತನ್ನು ಆಧರಿಸಿ ವೀಡಿಯೊಗಳನ್ನು ಮುಂದೆ ತರಲು ಶುರುಮಾಡಿತ್ತು. 2017ರಲ್ಲಿ, ಜನ ದಿನಕ್ಕೆ ನೂರು ಕೋಟಿ ಗಂಟೆ ನೋಡುತ್ತಿದ್ದಾರೆ ಎಂದು ಹೆಮ್ಮೆಯಿಂದ ಹೇಳಿಕೊಂಡಿತ್ತು. ಕಂಪನಿಯ ಪುಸ್ತಕದಲ್ಲಿ ಜಮೆಯಾಗಿದ್ದ ಅಂಕಿಯನ್ನೇ ತಿರುಗಿಸಿ ನಮ್ಮ ಪುಸ್ತಕದಲ್ಲಿ ಖರ್ಚೆಂದು ಬರೆದು ತೋರಿಸಿದರು. ಅಳತೆಗೋಲು ಬದಲಾಗಲಿಲ್ಲ, ಅದನ್ನು ಹಿಡಿದು ಲೆಕ್ಕ ಒಪ್ಪಿಸಬೇಕಾದವರು ಬದಲಾದರು. ಮೊದಲು ಪ್ರಶ್ನೆಯಿದ್ದದ್ದು ‘ನೀವು ಇದನ್ನು ಹೀಗೇಕೆ ಕಟ್ಟಿದಿರಿ?’ ಎಂದು. ಈಗ ಅದು ‘ನೀನು ಇಷ್ಟು ಹೊತ್ತು ಏಕೆ ನೋಡಿದೆ?’ ಎಂದಾಯಿತು.

ಮಿತಿಯ ನೆನಪೋಲೆಗಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಇನ್‌ಸ್ಟಾಗ್ರಾಮಿನಲ್ಲಿ ಮೊದಲು ದಿನಕ್ಕೆ ಹತ್ತು, ಹದಿನೈದು ನಿಮಿಷದಂಥ ಸಣ್ಣ ಮಿತಿಯನ್ನೂ ಹಾಕಿಕೊಳ್ಳಬಹುದಿತ್ತು. 2022ರ ಆರಂಭದಲ್ಲಿ ಆಯ್ಕೆಗಳ ಕನಿಷ್ಠವನ್ನು 30 ನಿಮಿಷಕ್ಕೆ ಏರಿಸಿದರು. ನಮ್ಮಲ್ಲಿ 2020ರಲ್ಲೇ ನಿಷೇಧವಾದ ಟಿಕ್‌ಟಾಕ್, 2023ರಲ್ಲಿ ಬೇರೆ ದೇಶಗಳ ಹದಿಹರೆಯದವರಿಗೆ ತಾನಾಗಿಯೇ ದಿನಕ್ಕೆ 60 ನಿಮಿಷದ ಮಿತಿ ಹಾಕಿತು. ಆಮೇಲೆ ಅಮೆರಿಕದ ಕೆಂಟಕಿ ರಾಜ್ಯದ ಮೊಕದ್ದಮೆಯಲ್ಲಿ ಹೊರಬಿದ್ದ ಆ ಕಂಪನಿಯ ಒಳಗಿನ ಕಾಗದಗಳ ಪ್ರಕಾರ, ಈ ಉಪಕರಣದ ಪ್ರಯೋಗದಲ್ಲಿ ದಿನದ ಸರಾಸರಿ ಬಳಕೆ 108.5 ನಿಮಿಷದಿಂದ 107ಕ್ಕೆ ಇಳಿದಿತ್ತು. ಒಂದೂವರೆ ನಿಮಿಷ. ಅಚ್ಚರಿಯೇನಿಲ್ಲ. ನೆನಪಿಸುವ ಪರದೆಯಲ್ಲೇ ಮುಂದುವರಿಯುವ ದಾರಿಯೂ ಇರುತ್ತದೆ, ಮತ್ತು ಬೆರಳು ಅದಾಗಲೇ ಚಲನೆಯಲ್ಲಿರುತ್ತದೆ.

ಆದರೂ ಮಿತಿಯನ್ನು ನಗೆಪಾಟಲು ಮಾಡಿ ಬಿಡುವುದು ನ್ಯಾಯವಲ್ಲ. ಮಿತಿ ಹಾಕಿಕೊಳ್ಳುವವರು ಬೆಳಗಿನ ತಾನು ಸಂಜೆಯ ತನಗೆ ಒಂದು ಮಾತು ಕೊಟ್ಟಿರುತ್ತಾರೆ. ಅದು ಗಂಭೀರವಾದ ಸಂಗತಿಯೇ. ನಮ್ಮ ಮನೆಗಳಲ್ಲಿ ಇಂಥ ಮಾತಿಗೆ ವ್ರತ ಎಂಬ ಹೆಸರಿದೆ. ಏಕಾದಶಿಯ ದಿನ ಅಜ್ಜಿ ಅನ್ನ ಬಿಡುತ್ತಿದ್ದಾಗ ಎಷ್ಟು ಗ್ರಾಂ ಕಡಿಮೆ ತಿಂದೆ ಎಂದು ಅಳೆಯುತ್ತಿರಲಿಲ್ಲ. ಏನನ್ನು ಬಿಡುತ್ತೇನೆ, ಯಾವುದಕ್ಕಾಗಿ ಬಿಡುತ್ತೇನೆ, ಬಿಟ್ಟ ಹೊತ್ತಿನಲ್ಲಿ ಏನು ಮಾಡುತ್ತೇನೆ ಎಂಬ ಮೂರೂ ಅವರಿಗೆ ಮೊದಲೇ ಗೊತ್ತಿರುತ್ತಿದ್ದವು. ಜೊತೆಗೆ ಮನೆಯ ಉಳಿದವರಿಗೂ ಅದು ಗೊತ್ತಿರುತ್ತಿತ್ತು. ಫೋನಿನ ಮಿತಿಯಲ್ಲಿ ‘ಎಷ್ಟು’ ಎಂಬುದೊಂದೇ ಇದೆ, ‘ಯಾವುದಕ್ಕಾಗಿ’ ಎಂಬುದಕ್ಕೆ ಜಾಗವೇ ಇಲ್ಲ. ಅದನ್ನು ಮುರಿದರೆ ಯಾರಿಗೂ ಏನೂ ಆಗುವುದಿಲ್ಲ, ಮುರಿದದ್ದು ನನಗೆ ನಾಳೆ ನೆನಪಿರುವುದೂ ಇಲ್ಲ. ಬೇರೆಯವರಿಗೆ ಕೊಟ್ಟ ಮಾತನ್ನು ಮುರಿಯುವಾಗ ಅವರ ಮುಖ ಕಣ್ಣಮುಂದೆ ಬರುತ್ತದೆ. ಇಲ್ಲಿ ಬರುವುದು ಒಂದು ಗುಂಡಿ.

ಹಾಗಾದರೆ ಈ ಅಂಕಿಗಳಿಂದ ಉಪಯೋಗವೇ ಇಲ್ಲವೆ? ಇದೆ, ಆದರೆ ಅದು ಸಣ್ಣದು. ಫೋನಿನ ಬಳಕೆಯ ವಿಷಯದಲ್ಲಿ ನಮ್ಮ ನೆನಪು ನಂಬಿಕೆಗೆ ಅರ್ಹವಲ್ಲ. ಜನ ಹೇಳಿಕೊಂಡ ಹೊತ್ತನ್ನೂ ಸಾಧನ ಬರೆದಿಟ್ಟ ಹೊತ್ತನ್ನೂ ಹೋಲಿಸಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಎರಡರ ನಡುವಿನ ಸಂಬಂಧ ಸಾಧಾರಣ ಮಟ್ಟದ್ದೆಂದೂ, ಸರಿಯಾಗಿ ಅಂದಾಜಿಸುವವರು ಬಹಳ ಕಡಿಮೆಯೆಂದೂ ತೋರಿಸಿತು. ‘ನಾನು ಅಷ್ಟೇನೂ ನೋಡುವುದಿಲ್ಲ’ ಎಂಬ ಮಾತಿಗೆ ಡ್ಯಾಶ್‌ಬೋರ್ಡು ಒಳ್ಳೆಯ ಸಾಕ್ಷಿ. ಅದೇ ಫೋನು, ಅದೇ ಮನುಷ್ಯ, ಅದೇ ಬಗೆಯ ದಿನಗಳು ಆಗಿದ್ದಾಗ ಈ ವಾರ ಹೆಚ್ಚಾಯಿತೇ ಎಂದು ತಿಳಿಯಲೂ ಅದು ಸಾಕು. ಸಾಕ್ಷಿಯನ್ನು ನ್ಯಾಯಾಧೀಶನ ಪೀಠದಲ್ಲಿ ಕೂರಿಸಿದಾಗಲೇ ತೊಂದರೆ. ಇಬ್ಬರು ವಿದ್ಯಾರ್ಥಿಗಳ ಗಂಟೆ ಹೋಲಿಸಿ ಒಬ್ಬನನ್ನು ಶಿಸ್ತಿನವನು ಎಂದು ಕರೆಯುವುದಕ್ಕೆ ಅದು ಸಾಲದು. ಲ್ಯಾಪ್‌ಟಾಪ್ ಇಲ್ಲದೆ ಪಠ್ಯವನ್ನೆಲ್ಲ ಫೋನಿನಲ್ಲೇ ಓದುವ ಕಂಪ್ಲಿಯ ಹುಡುಗಿಯ ಪಟ್ಟಿ ಎಂದೂ ಉದ್ದವೇ ಇರುತ್ತದೆ.

ಎರಡು ವಾರ ನಾನು ಒಂದು ಪ್ರಯೋಗ ಮಾಡಿದೆ. ರಾತ್ರಿ ಡ್ಯಾಶ್‌ಬೋರ್ಡು ತೆರೆದು, ದೊಡ್ಡ ಮೂರು ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು, ಪ್ರತಿಯೊಂದರ ಪಕ್ಕ ಒಂದೇ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೆ: ಆ ಹೊತ್ತಿನಲ್ಲಿ ಏನು ಕಾಯುತ್ತಿತ್ತು, ಯಾರು ಕಾಯುತ್ತಿದ್ದರು? ಅನೇಕ ಸಲ ಉತ್ತರ ‘ಯಾರೂ ಇಲ್ಲ, ಬಸ್ಸು’ ಎಂದಾಗುತ್ತಿತ್ತು. ಕಮಲಾಪುರದ ನಿಲ್ದಾಣದಲ್ಲಿ ಕಳೆದ ನಲವತ್ತು ನಿಮಿಷದ ಬಗ್ಗೆ ನನಗೆ ಯಾವ ಪಶ್ಚಾತ್ತಾಪವೂ ಬೇಕಾಗಿರಲಿಲ್ಲ. ಕೆಲವು ಸಲ ಮಾತ್ರ, ಹತ್ತೋ ಹನ್ನೆರಡೋ ನಿಮಿಷದ ಸಣ್ಣ ಅಂಕಿಯ ಪಕ್ಕ, ‘ಅಮ್ಮ, ಫೋನಿನ ಆ ತುದಿಯಲ್ಲಿ’ ಎಂದು ಬರೆಯಬೇಕಾಗುತ್ತಿತ್ತು. ಸ್ಪೀಕರಿನಲ್ಲಿ ಅವರು ಮಾತಾಡುತ್ತಿದ್ದಾಗ ನಾನು ಬೇರೇನೋ ತೆರೆದಿದ್ದ ಹೊತ್ತು ಅದು. ಉದ್ದದ ಪಟ್ಟಿಗೂ ತೂಕದ ಪಟ್ಟಿಗೂ ಹೊಂದಿಕೆಯೇ ಇರಲಿಲ್ಲ.

ಆ ಚಾಲಕರು ಮೊನ್ನೆ ಸಿಕ್ಕಾಗ ಮಿತಿ ತೆಗೆಸಿದ್ದೇನೆ ಎಂದರು. ಮಗಳೇ ತೆಗೆದಳಂತೆ. ಬದಲಿಗೆ ಮನೆಗೆ ಬಂದ ಮೇಲೆ ಫೋನು ಗಾಡಿಯ ಕೀಲಿ ತೂಗುಹಾಕುವ ಮೊಳೆಯ ಕೆಳಗಿನ ಗೂಡಿನಲ್ಲಿ ಇರಬೇಕು, ಅವಳ ಮಾತು ಮುಗಿಯುವವರೆಗೆ. “ಎಷ್ಟು ಹೊತ್ತು ಅಂತ ಲೆಕ್ಕ ಇಲ್ರಿ ಅದಕ್ಕೆ. ಕೆಲವು ದಿನ ಐದು ನಿಮಿಷಕ್ಕೆ ಮುಗಿಸ್ತಾಳ, ಕೆಲವು ದಿನ ತಾಸು” ಎಂದರು. ಅವರ ವಾರದ ಒಟ್ಟು ಅಂಕಿ ಇಳಿದಿದೆಯೇ ಎಂದು ನಾನು ಕೇಳಲಿಲ್ಲ.